ಬಿಸಿ ನೀರಿನಲ್ಲಿ ಶಾಖ ಎಷ್ಟಿದೆ ಅಂತ ಯಾಕೆ ಕೇಳಬಾರದು?

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿನಿ. ‘ಬಿಸಿಯಾದ ಅನಿಲದಲ್ಲಿ ಶಾಖ ಜಾಸ್ತಿ ಇರುತ್ತದೆ’ ಅಂತ ಬರೆದಿದ್ದಕ್ಕೆ ಟೆಸ್ಟ್‌ನಲ್ಲಿ ಒಂದು ಅಂಕ ಹೋಯಿತು. ಶಾಖ q ಕೂಡ ದಾರಿ ಮೇಲೆ ಅವಲಂಬಿಸಿದೆ, ಕೆಲಸ w ಕೂಡ ದಾರಿ ಮೇಲೆ ಅವಲಂಬಿಸಿದೆ, ಆದರೆ ಎರಡನ್ನೂ ಕೂಡಿಸಿದರೆ ಬರುವ ಆಂತರಿಕ ಶಕ್ತಿಯ ಬದಲಾವಣೆ ΔU ಮಾತ್ರ ಅವಲಂಬಿಸಿಲ್ಲ ಅಂತಾರೆ. ಎರಡು ತಪ್ಪು ಸೇರಿ ಒಂದು ಸರಿ ಆದ ಹಾಗಿದೆ ಇದು. ಇನ್ನೊಂದು: ಒತ್ತಡ ಬದಲಾಗದಿದ್ದರೆ q = ΔH ಅಂತ ಬರೆಸುತ್ತಾರೆ. ಎಂಥಾಲ್ಪಿ H ಸ್ಟೇಟ್ ಫಂಕ್ಷನ್, ಅಂದರೆ ದಾರಿ ಯಾವುದಾದರೂ ಸ್ಥಿತಿಯಿಂದಲೇ ನಿರ್ಧಾರವಾಗುವ ರಾಶಿ, ಅಂದಮೇಲೆ ಆಗ q ಕೂಡ ಸ್ಟೇಟ್ ಫಂಕ್ಷನ್ ಆಯ್ತಲ್ವಾ? ಹಾಗೆ ಬರೆದೆ, ಅಲ್ಲೂ ಅಂಕ ಹೋಯಿತು. ಬೆಟ್ಟ ಹತ್ತುವ ಉದಾಹರಣೆ ಮಾತ್ರ ಬೇಡ, ಕೇಳಿ ಕೇಳಿ ಸಾಕಾಗಿದೆ.

ಉತ್ತರ: ಆಯ್ತು, ಬೆಟ್ಟ ಬಿಟ್ಟೆ. ಅಡುಗೆಮನೆಗೆ ಹೋಗೋಣ.

ಚಟ್ನಿ ರುಬ್ಬಿದ ಮೇಲೆ ಮಿಕ್ಸಿ ಜಾರ್ ಮುಟ್ಟಿ ನೋಡಿದ್ದೀರಾ? ಬೆಚ್ಚಗಿರುತ್ತದೆ. ಒಲೆ ಮೇಲೆ ಇಟ್ಟಿಲ್ಲ, ಬಿಸಿ ನೀರು ಹಾಕಿಲ್ಲ, ಆದರೂ ಬೆಚ್ಚಗೆ. ಈ ಪಾಠ ಬಂದಾಗ ನಾನು ಕ್ಲಾಸಿಗೆ ಮನೆಯ ಮಿಕ್ಸಿಯನ್ನೇ ಹೊತ್ತುಕೊಂಡು ಹೋಗುತ್ತಿದ್ದೆ. ದೊಡ್ಡ ಜಾರ್‌ಗೆ ಅರ್ಧ ಲೀಟರ್ ನೀರು ಹಾಕಿ, ಥರ್ಮಾಮೀಟರ್ ಇಟ್ಟು 27 ಡಿಗ್ರಿ ಅಂತ ಬೋರ್ಡ್ ಮೇಲೆ ಬರೆದು, ಓಡಿಸುವುದು. ನಿಲ್ಲಿಸಿ ನೋಡುವುದು, ಮತ್ತೆ ಓಡಿಸುವುದು. 32 ಡಿಗ್ರಿ ಮುಟ್ಟಿದ ಮೇಲೆ ಸಾಕು. (ಮೊದಲ ವರ್ಷ ಜಾರ್ ತುಂಬಾ ನೀರು ಹಾಕಿದ್ದೆ. ಮುಚ್ಚಳ ಹಾರಿ ಮುಂದಿನ ಬೆಂಚಿನವರಿಗೆಲ್ಲ ಸ್ನಾನವಾಯಿತು. ಅರ್ಧಕ್ಕಿಂತ ಜಾಸ್ತಿ ಹಾಕಬೇಡಿ.)

ಇನ್ನೊಂದು ಪಾತ್ರೆಯಲ್ಲಿ ಇನ್ನೊಂದು ಅರ್ಧ ಲೀಟರ್ ನೀರು. ಇದನ್ನು ಒಲೆ ಮೇಲೆ ಇಟ್ಟು, 27ರಿಂದ 32 ಡಿಗ್ರಿಗೆ ತರುವುದು. ಈಗ ಎರಡನ್ನೂ ಒಂದೇ ಥರದ ಎರಡು ಚೊಂಬಿಗೆ ಸುರಿದು, ಹೊರಗೆ ಕಳಿಸಿದ್ದ ಒಬ್ಬ ಹುಡುಗನನ್ನು ಒಳಗೆ ಕರೆಯುವುದು. ‘ಇದರಲ್ಲಿ ಒಲೆಯ ನೀರು ಯಾವುದು, ಮಿಕ್ಸಿಯ ನೀರು ಯಾವುದು ಹೇಳಪ್ಪ.’ ಅವನು ಥರ್ಮಾಮೀಟರ್ ಇಡುತ್ತಾನೆ, ತೂಗುತ್ತಾನೆ, ಮೂಸಿ ನೋಡುತ್ತಾನೆ. ಗೊತ್ತಾಗುವುದಿಲ್ಲ. ಅವನಿಗೆ ಮಾತ್ರ ಅಲ್ಲ, ಪ್ರಪಂಚದ ಯಾವ ಉಪಕರಣಕ್ಕೂ ಗೊತ್ತಾಗುವುದಿಲ್ಲ. ನೀರಿಗೆ ತಾನು ಬಿಸಿಯಾದ ಕತೆ ನೆನಪಿಲ್ಲ.

ಲೆಕ್ಕ ಹಾಕಿ. ಅರ್ಧ ಲೀಟರ್ ನೀರು 5 ಡಿಗ್ರಿ ಏರಲು ಸುಮಾರು 10,450 ಜೂಲ್ ಬೇಕು. ಒಲೆಯ ನೀರಿಗೆ q = 10,450, w = 0. ಮಿಕ್ಸಿಯ ನೀರಿಗೆ q = 0, w = 10,450. (ಮೋಟಾರಿನ ಬಿಸಿ ಸ್ವಲ್ಪ ಜಾರ್‌ನ ತಳದಿಂದ ಹತ್ತಿರುತ್ತದೆ, ಅದನ್ನು ಈಗ ಬಿಡೋಣ.) ಹಾಗಾದರೆ ‘32 ಡಿಗ್ರಿಯ ಈ ನೀರಿನಲ್ಲಿ ಶಾಖ ಎಷ್ಟು ಸೇರಿಕೊಂಡಿದೆ?’ ಅಂತ ಕೇಳಿದರೆ ಏನು ಹೇಳುತ್ತೀರಿ? ಒಂದು ಚೊಂಬಿಗೆ 10,450 ಅನ್ನಬೇಕು, ಇನ್ನೊಂದಕ್ಕೆ ಸೊನ್ನೆ ಅನ್ನಬೇಕು. ಆದರೆ ಎರಡೂ ಚೊಂಬು ಒಂದೇ. ಒಂದೇ ವಸ್ತುವಿಗೆ ಎರಡು ಉತ್ತರ ಬಂತು ಅಂದರೆ ಪ್ರಶ್ನೆಯೇ ಸರಿಯಿಲ್ಲ.

ಶಾಖ, ಕೆಲಸ ಎರಡೂ ಹೊಸ್ತಿಲು ದಾಟುವಾಗಿನ ಹೆಸರುಗಳು. ಮನೆಗೆ ಕೆಲವರು ಮುಂಬಾಗಿಲಿನಿಂದ ಬರುತ್ತಾರೆ, ಕೆಲವರು ಹಿತ್ತಿಲ ಬಾಗಿಲಿನಿಂದ ಬರುತ್ತಾರೆ. ಒಳಗೆ ಕೂತ ಮೇಲೆ ‘ಮುಂಬಾಗಿಲಿನ ಜನ ಎಷ್ಟು’ ಅಂತ ಎಣಿಸಲು ಆಗುವುದಿಲ್ಲ, ‘ಮನೆಯಲ್ಲಿ ಎಷ್ಟು ಜನ’ ಅಂತ ಎಣಿಸಬಹುದು. ಆ ಎರಡನೆಯ ಎಣಿಕೆಯೇ ಆಂತರಿಕ ಶಕ್ತಿ, U. ನೀವು ಅಂಕ ಕಳೆದುಕೊಂಡಿದ್ದು ಇಲ್ಲಿ. ಬಿಸಿ ಅನಿಲದಲ್ಲಿ ಜಾಸ್ತಿ ಇರುವುದು ಆಂತರಿಕ ಶಕ್ತಿ, ಶಾಖ ಅಲ್ಲ. ನಮ್ಮ ಮಾತೂ ಇದಕ್ಕೆ ಸ್ವಲ್ಪ ಕಾರಣ. ಜ್ವರ ಬಂದರೆ ‘ಮೈಯಲ್ಲಿ ಕಾವು ತುಂಬಿದೆ’ ಅಂತೀವಿ, ಕಾವು ಅನ್ನುವುದು ತುಂಬಿಡುವ ವಸ್ತು ಅನ್ನುವ ಹಾಗೆ. 18ನೇ ಶತಮಾನದ ಯುರೋಪಿನ ಪಂಡಿತರೂ ಹಾಗೇ ಅಂದುಕೊಂಡಿದ್ದರು. ಆ ವಸ್ತುವಿಗೆ ಕ್ಯಾಲೊರಿಕ್ ಅಂತ ಹೆಸರನ್ನೂ ಇಟ್ಟಿದ್ದರು.

ಇನ್ನು ‘ಎರಡು ತಪ್ಪು ಸೇರಿ ಒಂದು ಸರಿ’ ಅನ್ನುವ ನಿಮ್ಮ ದೂರು. ಇದು ತುಂಬಾ ಒಳ್ಳೆಯ ದೂರು. ಪಾಠ ಹೇಳುವ ಕ್ರಮ ತಲೆಕೆಳಗಾಗಿರುವುದರಿಂದ ಬಂದಿದ್ದು. ನಾವು q ಅಂದರೆ ಏನು, w ಅಂದರೆ ಏನು ಅಂತ ಮೊದಲು ಹೇಳುತ್ತೇವೆ. ಆಮೇಲೆ ಎರಡನ್ನೂ ಕೂಡಿಸಿ ‘ನೋಡಿ, ಆಶ್ಚರ್ಯ!’ ಅನ್ನುತ್ತೇವೆ. ನಿಜಕ್ಕೂ ವಿಷಯ ಬಂದಿದ್ದು ಬೇರೆ ಕ್ರಮದಲ್ಲಿ.

1840ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಜೇಮ್ಸ್ ಜೂಲ್ ಮಾಡಿದ್ದು ಒಂದು ರೀತಿಯಲ್ಲಿ ನಮ್ಮ ಮಿಕ್ಸಿ ಪ್ರಯೋಗವೇ. ಕೆಳಗೆ ಇಳಿಯುವ ತೂಕಗಳಿಗೆ ದಾರ ಕಟ್ಟಿ, ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸಿದ. ಮಜ್ಜಿಗೆ ಕಡೆಯುವ ಹಾಗೆ. ನೀರಿನ ತಾಪ ಎಷ್ಟು ಏರಿತು ಅಂತ ಅಳೆದ. ನೀರು ಬಿಟ್ಟು ಪಾದರಸ ಹಾಕಿ ನೋಡಿದ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ನೋಡಿದ. ಕರೆಂಟ್ ಹಾಯಿಸಿ ನೋಡಿದ. ಪ್ರತಿ ಸಲವೂ, ಅಳತೆಯ ದೋಷ ಬಿಟ್ಟರೆ, ಒಂದೇ ಉತ್ತರ: ಇಷ್ಟು ನೀರನ್ನು ಇಷ್ಟು ಡಿಗ್ರಿ ಏರಿಸಲು ಇಷ್ಟೇ ಕೆಲಸ. ಈಗಿನ ಲೆಕ್ಕದಲ್ಲಿ ಒಂದು ಗ್ರಾಂ ನೀರಿಗೆ ಒಂದು ಡಿಗ್ರಿಗೆ 4.18 ಜೂಲ್.

ಇದರ ಅರ್ಥ ಏನು ನೋಡಿ. ಶಾಖ ಒಳಗೂ ಬರದಂತೆ, ಹೊರಗೂ ಹೋಗದಂತೆ ಪಾತ್ರೆಯನ್ನು ಚೆನ್ನಾಗಿ ಸುತ್ತಿಟ್ಟು, ಬರೀ ಕೆಲಸದಿಂದ ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಹೋದರೆ, ಆ ಕೆಲಸದ ಮೊತ್ತ ದಾರಿ ಮೇಲೆ ಅವಲಂಬಿಸುವುದಿಲ್ಲ. ಕಡೆಯಿರಿ, ಉಜ್ಜಿ, ಕರೆಂಟ್ ಕೊಡಿ, ಮೊತ್ತ ಒಂದೇ. ಇದು ಗಣಿತದಿಂದ ಬಂದಿದ್ದಲ್ಲ, ಪ್ರಯೋಗದಿಂದ ಸಿಕ್ಕ ಸಂಗತಿ. ಹೀಗೆ ಎರಡು ತುದಿಗಳಿಂದಲೇ ನಿರ್ಧಾರವಾಗುವ ಒಂದು ಸಂಖ್ಯೆ ಸಿಕ್ಕಿತಲ್ಲ, ಅದಕ್ಕೇ ΔU ಅಂತ ಹೆಸರಿಟ್ಟರು. U ಸ್ಟೇಟ್ ಫಂಕ್ಷನ್ ಆಗಿದ್ದು ಇಲ್ಲಿ. ಶಾಖದ ಮಾತು ಇನ್ನೂ ಬಂದೇ ಇಲ್ಲ.

ಈಗ ಸುತ್ತಿದ್ದನ್ನು ತೆಗೆಯಿರಿ. ಅದೇ ಎರಡು ತುದಿಗಳ ನಡುವೆ ಇನ್ನೊಮ್ಮೆ ಹೋಗಿ. ಈ ಸಲ ಮಾಡಿದ ಕೆಲಸ ΔUಗೆ ಸಮ ಬರುವುದಿಲ್ಲ. ಕಡಿಮೆ ಬೀಳುತ್ತದೆ ಅಥವಾ ಜಾಸ್ತಿಯಾಗುತ್ತದೆ. ಆ ವ್ಯತ್ಯಾಸಕ್ಕೆ ಇಟ್ಟ ಹೆಸರು ಶಾಖ. ಅಂದರೆ q = ΔU − w. ಶಾಖ ಅನ್ನುವುದು ‘ಮಿಕ್ಕಿದ್ದು’. ΔU ಗಟ್ಟಿ, w ದಾರಿಗೆ ತಕ್ಕಂತೆ ಏರಿಳಿಯುತ್ತದೆ, ಹಾಗಾಗಿ q ಕೂಡ ಅಷ್ಟೇ ಏರಿಳಿಯಲೇಬೇಕು. ಎರಡು ತಪ್ಪು ಸೇರಿ ಸರಿ ಆಗಿಲ್ಲ. ಸರಿಯಾದ ಒಂದು ಮೊತ್ತವನ್ನು ದಾರಿ ಎರಡು ಪಾಲು ಮಾಡಿದೆ, ಅಷ್ಟೇ. ಮೊತ್ತ ಮೊದಲು, ಪಾಲು ಆಮೇಲೆ.

ಪಾಲು ಎಲ್ಲಿ ಗೆರೆ ಎಳೆಯುತ್ತೀರಿ ಅನ್ನುವುದರ ಮೇಲೂ ಬದಲಾಗುತ್ತದೆ. ಬಕೆಟ್‌ನಲ್ಲಿ ಹೀಟರ್ ರಾಡ್ ಹಾಕಿ ನೀರು ಕಾಯಿಸುತ್ತೀರಿ. ನೀರು ಮಾತ್ರ ನಿಮ್ಮ ವ್ಯವಸ್ಥೆ ಅಂದರೆ ರಾಡ್‌ನಿಂದ ಬಂದಿದ್ದು ಶಾಖ. ನೀರು ಮತ್ತು ರಾಡ್ ಎರಡೂ ಸೇರಿ ವ್ಯವಸ್ಥೆ ಅಂದರೆ ಗೆರೆ ದಾಟಿದ್ದು ವೈರಿನ ಕರೆಂಟ್, ಅದು ಕೆಲಸ. ಲೆಕ್ಕ ಶುರು ಮಾಡುವ ಮೊದಲು ವ್ಯವಸ್ಥೆ ಯಾವುದು ಅಂತ ಒಂದು ಸಾಲು ಬರೆದುಕೊಳ್ಳಿ. ನಾನು ತಿದ್ದಿದ ಉತ್ತರ ಪತ್ರಿಕೆಗಳಲ್ಲಿ ಅರ್ಧ ಗೊಂದಲ ಆ ಸಾಲು ಇಲ್ಲದ್ದರಿಂದಲೇ.

ಈಗ ಅಂಕಿಗಳಲ್ಲಿ ನೋಡೋಣ. ಸಿಲಿಂಡರ್‌ನಲ್ಲಿ ಒಂದು ಮೋಲ್ ಆರ್ಗಾನ್ ಇದೆ, ಮೇಲೆ ಪಿಸ್ಟನ್. ಆರ್ಗಾನ್ ಒಂಟಿ ಪರಮಾಣುಗಳ ಅನಿಲ, ಆದರ್ಶ ಅನಿಲ ಅಂತಲೇ ಇಟ್ಟುಕೊಳ್ಳಿ. ಆಗ ಅದರ U ಅಂದರೆ PVಯ ಒಂದೂವರೆ ಪಟ್ಟು. ಶುರುವಿನಲ್ಲಿ ಒತ್ತಡ 2 ಬಾರ್, ಗಾತ್ರ 10 ಲೀಟರ್. ಕೊನೆಗೆ ಒತ್ತಡ 1 ಬಾರ್, ಗಾತ್ರ 30 ಲೀಟರ್. ಒಂದು ಬಾರ್‌ನಲ್ಲಿ ಒಂದು ಲೀಟರ್ ಹಿಗ್ಗಿದರೆ 100 ಜೂಲ್ ಕೆಲಸ, ಇದೊಂದು ನೆನಪಿರಲಿ. PV 2000 ಜೂಲ್‌ನಿಂದ 3000ಕ್ಕೆ ಏರಿದೆ, ಹಾಗಾಗಿ ΔU = 1500 ಜೂಲ್. ದಾರಿ ಯಾವುದು ಅಂತ ಇನ್ನೂ ಹೇಳಿಯೇ ಇಲ್ಲ, ಆದರೂ ΔU ಸಿಕ್ಕಿಬಿಟ್ಟಿತು.

ಮೊದಲ ದಾರಿ. ಒತ್ತಡ 2 ಬಾರ್‌ನಲ್ಲೇ ಇಟ್ಟು, ಕಾಯಿಸುತ್ತಾ 30 ಲೀಟರ್‌ವರೆಗೆ ಹಿಗ್ಗಿಸಿ. ಆಮೇಲೆ ಪಿಸ್ಟನ್‌ಗೆ ಕೀಲಿ ಹಾಕಿ, ಒತ್ತಡ 1 ಬಾರ್‌ಗೆ ಇಳಿಯುವ ತನಕ ತಣ್ಣಗೆ ಮಾಡಿ. ಅನಿಲ ಪಿಸ್ಟನ್ ದೂಡಿದ್ದು ಮೊದಲ ಹಂತದಲ್ಲಿ ಮಾತ್ರ: 2 ಬಾರ್, 20 ಲೀಟರ್, 4000 ಜೂಲ್ ಕೆಲಸ. ಈ ಹಂತದಲ್ಲಿ 10,000 ಜೂಲ್ ಶಾಖ ಕೊಡಬೇಕಾಯಿತು, ಎರಡನೆಯದರಲ್ಲಿ 4500 ವಾಪಸ್ ಬಂತು. ನಿವ್ವಳ ಶಾಖ 5500.

ಎರಡನೆಯ ದಾರಿ. ಮೊದಲು ಕೀಲಿ ಹಾಕಿ 10 ಲೀಟರ್‌ನಲ್ಲೇ 1 ಬಾರ್‌ಗೆ ತಣ್ಣಗೆ ಮಾಡಿ. ಆಮೇಲೆ 1 ಬಾರ್‌ನಲ್ಲಿ ಕಾಯಿಸುತ್ತಾ 30 ಲೀಟರ್‌ಗೆ ಹಿಗ್ಗಿಸಿ. ಈ ಸಲವೂ ಪಿಸ್ಟನ್ ಅದೇ 20 ಲೀಟರ್ ಸರಿಯಿತು, ಆದರೆ ಹಿಂದಿನ ಒತ್ತಡ ಅರ್ಧ. ಕೆಲಸ 2000 ಜೂಲ್ ಮಾತ್ರ. ಶಾಖ: ಮೊದಲ ಹಂತದಲ್ಲಿ 1500 ಹೊರಗೆ ಹೋಯಿತು, ಎರಡನೆಯದರಲ್ಲಿ 5000 ಒಳಗೆ ಬಂತು, ನಿವ್ವಳ 3500.

ಎರಡರಲ್ಲೂ ಕೆಲಸ ಮಾಡಿದ್ದು ಅನಿಲ, ಶಕ್ತಿ ಹೊರಗೆ ಹೋಯಿತು, ಹಾಗಾಗಿ ಇಲ್ಲಿ w ಋಣ. 5500ರಲ್ಲಿ 4000 ಕಳೆಯಿರಿ, 1500. 3500ರಲ್ಲಿ 2000 ಕಳೆಯಿರಿ, ಅದೂ 1500.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಕೆಲಸ ದಾರಿಗೆ ತಕ್ಕಂತೆ ಬದಲಾಗುವುದು ಘರ್ಷಣೆಯಿಂದ, ನಷ್ಟದಿಂದ ಅಂತ ತುಂಬಾ ಮಕ್ಕಳು ಅಂದುಕೊಂಡಿರುತ್ತಾರೆ. ಇಲ್ಲಿ ಘರ್ಷಣೆ ಸೊನ್ನೆ. ಎರಡೂ ದಾರಿಯನ್ನು ಎಷ್ಟು ನಿಧಾನವಾಗಿ, ಎಷ್ಟು ನಾಜೂಕಾಗಿ ಬೇಕಾದರೂ ಮಾಡಿ, 4000 ಮತ್ತು 2000 ಹಾಗೇ ಉಳಿಯುತ್ತವೆ. ಕಾರಣ ಸರಳ: ಕೆಲಸ ಎಷ್ಟು ಅನ್ನುವುದು ಪಿಸ್ಟನ್ ಸರಿಯುವ ಆ ಗಳಿಗೆಯಲ್ಲಿ ಹಿಂದೆ ಇರುವ ಒತ್ತಡದ ಮೇಲೆ ನಿಂತಿದೆ. ಎಲ್ಲಿಂದ ಹೊರಟೆವು, ಎಲ್ಲಿಗೆ ಮುಟ್ಟಿದೆವು ಅಂತ ಮಾತ್ರ ಗೊತ್ತಿದ್ದರೆ ನಡುವೆ ಒತ್ತಡ ಎಷ್ಟಿತ್ತು ಅಂತ ಹೇಗೆ ಗೊತ್ತಾಗಬೇಕು?

ಈಗ ಮೊದಲ ದಾರಿಯಲ್ಲಿ ಹೋಗಿ, ಎರಡನೆಯ ದಾರಿಯಲ್ಲಿ ಹಿಂದಕ್ಕೆ ಬನ್ನಿ. ಆರ್ಗಾನ್ ಹೊರಟಲ್ಲಿಗೇ ಬಂತು. U ಏನೂ ಬದಲಾಗಿಲ್ಲ. ಆದರೆ ಶಾಖದ ಲೆಕ್ಕದಲ್ಲಿ 5500 ಒಳಗೆ, 3500 ಹೊರಗೆ, 2000 ಜೂಲ್ ಒಳಗೇ ಉಳಿದ ಹಾಗಿದೆ. ಅದು ಅನಿಲದಲ್ಲಿ ಇಲ್ಲ. ಪಿಸ್ಟನ್ ಮೂಲಕ 2000 ಜೂಲ್ ಕೆಲಸವಾಗಿ ಹೊರಗೆ ಹೋಗಿದೆ. ಇದೇ ಎಂಜಿನ್. ಸುತ್ತು ಹಾಕಿ ಬಂದಾಗ ಶಾಖದ ಮೊತ್ತ ಸೊನ್ನೆ ಆಗಲೇಬೇಕು ಅಂತಿದ್ದರೆ, ಅಂದರೆ ಶಾಖ ಸ್ಟೇಟ್ ಫಂಕ್ಷನ್ ಆಗಿದ್ದರೆ, ಕಾಲೇಜಿಗೆ ನೀವು ಬರುವ ಬಸ್ ಒಂದು ಅಡಿ ಕೂಡ ಮುಂದೆ ಹೋಗುತ್ತಿರಲಿಲ್ಲ. ಯಾವುದೇ ರಾಶಿ ಸ್ಟೇಟ್ ಫಂಕ್ಷನ್ ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಹೀಗೆ ಒಂದು ಸುತ್ತು ಹಾಕಿಸಿ ನೋಡಿ. ಒಂದೇ ಒಂದು ಸುತ್ತಿನಲ್ಲಿ ಮೊತ್ತ ಸೊನ್ನೆ ಬರದಿದ್ದರೂ ಸಾಕು, ಅದು ಸ್ಟೇಟ್ ಫಂಕ್ಷನ್ ಅಲ್ಲ.

ಎಂಥಾಲ್ಪಿಗೆ ಬರೋಣ. H = U + PV. ಮೂರೂ ಸ್ಥಿತಿಯಿಂದಲೇ ಸಿಗುವ ರಾಶಿಗಳು, ಹಾಗಾಗಿ H ಸ್ಟೇಟ್ ಫಂಕ್ಷನ್ ಅನ್ನುವುದರಲ್ಲಿ ಬೇರೆ ರಹಸ್ಯ ಏನೂ ಇಲ್ಲ. ನಮ್ಮ ಆರ್ಗಾನ್‌ಗೆ ΔH = 1500 + 1000 = 2500 ಜೂಲ್. ಇದು 5500 ಅಲ್ಲ, 3500 ಕೂಡ ಅಲ್ಲ. ‘ΔH ಅಂದರೆ ಕೊಟ್ಟ ಶಾಖ’ ಅಂತ ಬಾಯಿಪಾಠ ಮಾಡಿದವರು ಇಲ್ಲಿ ಬೀಳುತ್ತಾರೆ.

ಹಾಗಾದರೆ q = ΔH ಯಾವಾಗ? ಒತ್ತಡ ಒಂದೇ ಇರಬೇಕು, ಜೊತೆಗೆ ಹಿಗ್ಗುವ–ಕುಗ್ಗುವ ಕೆಲಸ ಬಿಟ್ಟು ಬೇರೆ ಕೆಲಸ ಇರಬಾರದು. ಎರಡನೆಯ ಷರತ್ತನ್ನು ನಾವು ಮೇಷ್ಟ್ರುಗಳು ಅವಸರದಲ್ಲಿ ನುಂಗಿಬಿಡುತ್ತೇವೆ. ನಿಮ್ಮ ಗೊಂದಲ ಹುಟ್ಟಿದ್ದೇ ಆ ನುಂಗಿದ ಜಾಗದಲ್ಲಿ.

2 ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್, ಸೇರಿ 18 ಗ್ರಾಂ ನೀರು. ಶುರುವಿಗೂ ಕೊನೆಗೂ 25 ಡಿಗ್ರಿ, 1 ಬಾರ್. ΔH = −285.8 ಕಿಲೋಜೂಲ್. ಸುಮ್ನೆ ಉರಿಸಿದರೆ 285.8 ಕಿಲೋಜೂಲ್ ಶಾಖ ಹೊರಗೆ ಬರುತ್ತದೆ. q = ΔH, ಪುಸ್ತಕದಲ್ಲಿ ಇದ್ದ ಹಾಗೆ. ಇದರಲ್ಲಿ 3.7 ಕಿಲೋಜೂಲ್ ವಾತಾವರಣದ ಕಾಣಿಕೆ. 37 ಲೀಟರ್ ಅನಿಲ ಹೋಗಿ ಒಂದು ದೊಡ್ಡ ಚಮಚದಷ್ಟು ನೀರಾದಾಗ ಆ ಜಾಗಕ್ಕೆ ಗಾಳಿ ಒತ್ತಿಕೊಂಡು ಬಂದು ಮಾಡಿದ ಕೆಲಸ ಅದು. ಹಾಗಾಗಿ ΔU = −282.1. ಉಕ್ಕಿನ ಗಟ್ಟಿ ಪಾತ್ರೆಯಲ್ಲಿ, ಅಂದರೆ ಬಾಂಬ್ ಕ್ಯಾಲೊರಿಮೀಟರ್‌ನಲ್ಲಿ, ಉರಿಸಿದರೆ ಗಾಳಿ ಒತ್ತಲು ಆಗುವುದಿಲ್ಲ, ಬರುವ ಶಾಖ ಸುಮಾರು ಈ 282.1.

ಇದೇ ಹೈಡ್ರೋಜನ್ನನ್ನು, ಇದೇ 1 ಬಾರ್‌ನಲ್ಲಿ, ಇದೇ 25 ಡಿಗ್ರಿಯಲ್ಲಿ ಫ್ಯುಯೆಲ್ ಸೆಲ್‌ಗೆ ಕೊಡಿ. ಬೆಂಕಿ ಇಲ್ಲ, ವೈರಿನಲ್ಲಿ ಕರೆಂಟ್ ಬರುತ್ತದೆ. ಒಂದಿಷ್ಟೂ ನಷ್ಟವಿಲ್ಲದ ಆದರ್ಶ ಸೆಲ್ ಆದರೆ 1.23 ವೋಲ್ಟ್‌ನಲ್ಲಿ 237.1 ಕಿಲೋಜೂಲ್ ವಿದ್ಯುತ್ ಕೆಲಸ ಸಿಗುತ್ತದೆ, ಶಾಖ ಬರೀ 48.7. ನಿಜವಾದ ಸೆಲ್‌ನಿಂದ ಜಾಸ್ತಿ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. 0.7 ವೋಲ್ಟ್‌ಗೆ ಇಳಿದಾಗ ವಿದ್ಯುತ್ ಕೆಲಸ ಸುಮಾರು 135, ಶಾಖ ಸುಮಾರು 151. ಫ್ಯುಯೆಲ್ ಸೆಲ್ ಗಾಡಿಗಳಿಗೂ ರೇಡಿಯೇಟರ್ ಬೇಕಾಗುವುದು ಈ ಶಾಖವನ್ನು ಹೊರಗೆ ಹಾಕಲು.

ಒಂದೇ ಶುರು, ಒಂದೇ ಕೊನೆ, ಒಂದೇ ಒತ್ತಡ. ಶಾಖ ಮಾತ್ರ 285.8, 151, 48.7. ಒತ್ತಡವನ್ನು ಕಟ್ಟಿಹಾಕಿದ ಮೇಲೂ ಶಾಖ ದಾರಿಯನ್ನೇ ನೋಡುತ್ತಿದೆ. ಮೂರರಲ್ಲೂ ΔH ಮಾತ್ರ −285.8.

ಹಾಗಾಗಿ q = ΔH ಅಂದರೆ ಶಾಖದ ಸ್ವಭಾವ ಬದಲಾಯಿತು ಅಂತಲ್ಲ. ದಾರಿಯ ಮೇಲೆ ಎರಡು ಷರತ್ತು ಹಾಕಿದೆವು, ಆ ಷರತ್ತಿನ ದಾರಿಗಳಲ್ಲಿ ಶಾಖದ ಅಂಕಿ ΔHನ ಅಂಕಿಗೆ ಹೊಂದಿತು. ಈ ಹೊಂದಾಣಿಕೆ ಎಂಥವರನ್ನೂ ದಾರಿ ತಪ್ಪಿಸುತ್ತದೆ. 1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಸಾಯನ ವಿಜ್ಞಾನಿ ಹೆಸ್ ತನ್ನ ನಿಯಮ ಪ್ರಕಟಿಸಿದಾಗ ಎಂಥಾಲ್ಪಿ ಅನ್ನುವ ಪದವೇ ಇರಲಿಲ್ಲ. ಎಷ್ಟೇ ಹಂತಗಳಲ್ಲಿ ಮಾಡಿದರೂ ಕ್ರಿಯೆಯ ಒಟ್ಟು ಶಾಖ ಒಂದೇ ಅಂತ ಅವನು ಶಾಖದ ಬಗ್ಗೆಯೇ ಹೇಳಿದ. ತೆರೆದ ಪಾತ್ರೆಯಲ್ಲಿ, ವೈರ್ ಇಲ್ಲದೆ ಮಾಡುವ ಪ್ರಯೋಗಗಳಲ್ಲಿ ಅದು ನಿಜವೂ ಹೌದು. ನಿಮ್ಮ ಲ್ಯಾಬ್‌ನಲ್ಲಿ ಥರ್ಮಾಸ್ ಫ್ಲಾಸ್ಕ್‌ನೊಳಗೆ ಆಮ್ಲ–ಪ್ರತ್ಯಾಮ್ಲ ಬೆರೆಸಿ ΔH ಕಂಡುಹಿಡಿಯುವುದೂ ಈ ಷರತ್ತುಗಳ ಆಸರೆಯಲ್ಲೇ.

ಅಂಕಗಳ ವಿಷಯ. ಮೊದಲನೆಯದು ಹೋಗಿದ್ದು ನ್ಯಾಯ. ಎರಡನೆಯದಕ್ಕೆ ನಾನಾಗಿದ್ದರೆ ಅರ್ಧ ಕೊಡುತ್ತಿದ್ದೆ, ಯಾಕೆಂದರೆ ತಪ್ಪಿನಲ್ಲಿ ಬರೆಸಿದವರ ಪಾಲೂ ಇದೆ. ಮುಂದಿನ ಸಲ ‘ಒತ್ತಡ ಸ್ಥಿರ, ಬೇರೆ ಕೆಲಸ ಇಲ್ಲ’ ಅಂತ ಪಕ್ಕದಲ್ಲಿ ಬರೆಯಿರಿ. Δq, Δw ಅಂತ ಬರೆಯಬೇಡಿ. Δ ಅಂದರೆ ಕೊನೆಯದರಲ್ಲಿ ಮೊದಲಿನದನ್ನು ಕಳೆದಿದ್ದು, ಶಾಖಕ್ಕೆ ಆ ಎರಡೂ ಇಲ್ಲ. ಫಿಸಿಕ್ಸ್ ಕ್ಲಾಸಿನಲ್ಲಿ ΔQ ಅಂತ ಕಂಡರೆ ಜಗಳ ಬೇಡ, ಅಲ್ಲಿ ಅದನ್ನು ‘ಸ್ವಲ್ಪ ಶಾಖ’ ಅಂತ ಓದಿಕೊಳ್ಳಿ.

ಆರ್ಗಾನ್‌ಗೆ ಮೂರನೆಯ ದಾರಿಯೊಂದನ್ನು ನಿಮಗೆ ಬಿಟ್ಟಿದ್ದೇನೆ. ಒತ್ತಡ–ಗಾತ್ರದ ಗ್ರಾಫ್‌ನಲ್ಲಿ ಶುರುವಿನಿಂದ ಕೊನೆಗೆ ಸೀದಾ ಒಂದು ಗೆರೆ ಎಳೆದು, ಅದರ ಕೆಳಗಿನ ಜಾಗ ಅಳೆಯಿರಿ. ಶಾಖ 4500 ಬಂದರೆ ನಿಮ್ಮ ಲೆಕ್ಕ ಸರಿ.